ಲಕ್ಷಕ್ಕೊಂದು ಪಾಲಿನ ಏರಿಳಿತ, ಅದರಿಂದ ಬೆಳೆದ ಜಾಲ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪ್ರೌಢಶಾಲಾ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದೆ.)

ಇಲ್ಲಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಆ ದೂರವನ್ನು ಒಂದು ಲಕ್ಷ ಪಾಲು ಮಾಡಿ ಒಂದು ಪಾಲು ತೆಗೆದರೆ 60 ಸೆಂಟಿಮೀಟರ್, ಹೆಚ್ಚೆಂದರೆ ಒಂದು ಹೆಜ್ಜೆ. ಇನ್ನೊಂದು ರೀತಿ ಹೇಳುವುದಾದರೆ, ಹತ್ತು ಮೀಟರ್ ಆಳದ ಕೆರೆಯಲ್ಲಿ ನೀರಿನ ಮೇಲೆ ಎದ್ದ ಅಲೆ ಒಂದು ತಲೆಗೂದಲಿನಷ್ಟು ದಪ್ಪ. ಅಷ್ಟು ಸಣ್ಣ ಏರಿಳಿತವನ್ನು ಕಣ್ಣಿನಿಂದ ಕಾಣಲಾಗದು. ಅಂಥ ಕೆರೆಯನ್ನು ನಾವು ನಿಶ್ಚಲವಾಗಿದೆ ಎಂದೇ ಹೇಳುತ್ತೇವೆ.

ವಿಶ್ವಕ್ಕೆ 3 ಲಕ್ಷ 80 ಸಾವಿರ ವರ್ಷ ವಯಸ್ಸಾಗಿದ್ದಾಗ ಅದು ಇದ್ದದ್ದು ಹಾಗೆ. ಆಗ ಬಿಡುಗಡೆಯಾದ ಬೆಳಕು ಇಂದು ಸೂಕ್ಷ್ಮತರಂಗವಾಗಿ ಎಲ್ಲ ದಿಕ್ಕಿನಿಂದಲೂ ನಮಗೆ ಬಂದು ತಲುಪುತ್ತಿದೆ. ಇದನ್ನು ಹಿನ್ನೆಲೆ ಬೆಳಕು ಎನ್ನೋಣ. ಅದರ ತಾಪಮಾನ 2.725 ಕೆಲ್ವಿನ್. ಒಂದು ದಿಕ್ಕಿಗೂ ಇನ್ನೊಂದು ದಿಕ್ಕಿಗೂ ವ್ಯತ್ಯಾಸ ಲಕ್ಷದಲ್ಲಿ ಒಂದೆರಡು ಪಾಲು ಮಾತ್ರ. 1992ರಲ್ಲಿ ಕೋಬಿ ಉಪಗ್ರಹ ಮೊದಲ ಬಾರಿಗೆ ಈ ವ್ಯತ್ಯಾಸವನ್ನು ಹಿಡಿಯಿತು. ಆಮೇಲೆ ಪ್ಲಾಂಕ್ ಉಪಗ್ರಹ ಅದನ್ನು ಬಹಳ ನಿಖರವಾಗಿ ಅಳೆಯಿತು.

ಇನ್ನು ಇವತ್ತಿನ ಚಿತ್ರ ನೋಡಿ. ಗ್ಯಾಲಕ್ಸಿಗಳ ನಕ್ಷೆಯಲ್ಲಿ ಒಂದೊಂದು ಚುಕ್ಕೆಯೂ ಒಂದೊಂದು ಗ್ಯಾಲಕ್ಸಿ. ಚುಕ್ಕೆಗಳು ಎಲ್ಲ ಕಡೆ ಸಮನಾಗಿ ಹರಡಿಲ್ಲ. ಉದ್ದುದ್ದ ಎಳೆಗಳಲ್ಲಿ ಸಾಲುಗಟ್ಟಿವೆ. ಎಳೆಗಳು ಕೂಡುವ ಕಡೆ ದಟ್ಟವಾದ ಗಂಟುಗಳಿವೆ, ಅವೇ ಗ್ಯಾಲಕ್ಸಿ ಗುಚ್ಛಗಳು. ಎಳೆಗಳ ನಡುವೆ ದೊಡ್ಡ ದೊಡ್ಡ ಪೊಳ್ಳು. 1981ರಲ್ಲಿ ಬೊವೊಟೀಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ ಸಿಕ್ಕ ಒಂದು ಪೊಳ್ಳಿನ ಅಡ್ಡಗಲ ಸುಮಾರು 33 ಕೋಟಿ ಜ್ಯೋತಿರ್ವರ್ಷ. ಗಂಟಿನ ಒಳಗೆ ಸಾಂದ್ರತೆ ಸರಾಸರಿಯ ನೂರಾರು ಪಟ್ಟು, ಪೊಳ್ಳಿನ ನಡುವೆ ಸರಾಸರಿಯ ಐದನೇ ಒಂದು ಪಾಲಿಗಿಂತಲೂ ಕಡಿಮೆ.

ತಲೆಗೂದಲಿನ ದಪ್ಪದ ಅಲೆ ಇಂಥ ಜಾಲವಾದದ್ದು ಹೇಗೆ ಎಂಬುದು ಇವತ್ತಿನ ವಿಷಯ. ಇದರಲ್ಲಿ ಎರಡು ಪ್ರಶ್ನೆಗಳಿವೆ. ಅಷ್ಟು ಬೆಳೆಯಲು ಸಮಯ ಸಾಕಾಯಿತೇ? ಬೆಳೆದದ್ದು ಉಂಡೆಗಳಾಗದೆ ಎಳೆಗಳಾದದ್ದು ಏಕೆ? ಮೊದಲನೆಯದಕ್ಕೆ ಗುಣಾಕಾರ ಸಾಕು. ಎರಡನೆಯದೇ ಹೆಚ್ಚು ಸೊಗಸು, ಅದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ಲೆಕ್ಕ ಕೂಡದ ಲೆಕ್ಕ

ಒಂದು ಜಾಗದಲ್ಲಿ ದ್ರವ್ಯ ಸರಾಸರಿಗಿಂತ ಚೂರು ಹೆಚ್ಚಿದೆ ಎನ್ನೋಣ. ಅಲ್ಲಿ ಗುರುತ್ವವೂ ಚೂರು ಹೆಚ್ಚು, ಹಾಗಾಗಿ ಸುತ್ತಲಿನ ದ್ರವ್ಯ ಆ ಕಡೆ ಸರಿಯುತ್ತದೆ. ಸರಿದಷ್ಟೂ ಗುರುತ್ವ ಹೆಚ್ಚುತ್ತದೆ, ಹೆಚ್ಚಿದಷ್ಟೂ ಇನ್ನಷ್ಟು ಸರಿಯುತ್ತದೆ. ಥೇಟ್ ಚಕ್ರಬಡ್ಡಿ. ಇದ್ದಲ್ಲೇ ಇರುವ ಅನಿಲದಲ್ಲಿ ಇದು ನಿಜವಾಗಿಯೂ ಚಕ್ರಬಡ್ಡಿಯಂತೆಯೇ ಬೆಳೆಯುತ್ತದೆ ಎಂದು 1902ರಲ್ಲೇ ಜೇಮ್ಸ್ ಜೀನ್ಸ್ ತೋರಿಸಿದ್ದರು. ಆದರೆ ನಮ್ಮ ವಿಶ್ವ ಇದ್ದಲ್ಲೇ ಇಲ್ಲ, ಹಿಗ್ಗುತ್ತಿದೆ. ಗುರುತ್ವ ಒಟ್ಟುಗೂಡಿಸುತ್ತಿದ್ದಂತೆ ಹಿಗ್ಗುವಿಕೆ ಚದುರಿಸುತ್ತಿರುತ್ತದೆ. 1946ರಲ್ಲಿ ಯೆವ್ಗೆನಿ ಲಿಫ್ಶಿಟ್ಸ್ ಈ ಲೆಕ್ಕ ಹಾಕಿದಾಗ ಚಕ್ರಬಡ್ಡಿ ಮಾಯವಾಯಿತು. ದ್ರವ್ಯವೇ ಪ್ರಧಾನವಾಗಿರುವ ಕಾಲದಲ್ಲಿ ವಿಶ್ವದ ಅಳತೆ ಎಷ್ಟು ಪಟ್ಟು ಹಿಗ್ಗುತ್ತದೋ ಏರಿಳಿತವೂ ಅಷ್ಟೇ ಪಟ್ಟು ಬೆಳೆಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅಳತೆ ಎರಡರಷ್ಟಾಗಬೇಕಾದರೆ ವಯಸ್ಸು ಸುಮಾರು 2.8 ಪಟ್ಟಾಗಬೇಕು. ಅಂದರೆ ಒಂದೊಂದು ದುಪ್ಪಟ್ಟಿಗೂ ಹಿಂದಿನದಕ್ಕಿಂತ ಹೆಚ್ಚು ಹೆಚ್ಚು ಕಾಲ ಕಾಯಬೇಕು.

ಈಗ ಗುಣಾಕಾರ ಮಾಡೋಣ. ಹಿನ್ನೆಲೆ ಬೆಳಕು ಬಿಡುಗಡೆಯಾದಂದಿನಿಂದ ಇಂದಿನವರೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ. ಇತ್ತೀಚಿನ ಕಾಲದಲ್ಲಿ, ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿ ಬೆಳವಣಿಗೆಗೆ ಅಡ್ಡಿಯಾಗಿರುವುದರಿಂದ ಏರಿಳಿತಕ್ಕೆ ಪೂರ್ತಿ 1,100 ದಕ್ಕುವುದಿಲ್ಲ, ಸುಮಾರು 850 ದಕ್ಕುತ್ತದೆ. ತಾಪಮಾನದಲ್ಲಿ ಲಕ್ಷಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೆ ಪರಮಾಣು ದ್ರವ್ಯದ ಸಾಂದ್ರತೆಯಲ್ಲಿ ಅದರ ಮೂರು ಪಟ್ಟು. ಧಾರಾಳವಾಗಿಯೇ ಇರಲಿ, ಹತ್ತು ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳೋಣ. 850ರಿಂದ ಗುಣಿಸಿದರೆ 0.085. ಇವತ್ತಿಗೂ ಏರಿಳಿತ ಸರಾಸರಿಯ ಮೇಲೆ ಶೇಕಡ ಎಂಟೂವರೆ ಮಾತ್ರ! ಒಂದು ಗುಡ್ಡೆ ತನ್ನ ಗುರುತ್ವದಿಂದಲೇ ಹಿಗ್ಗುವಿಕೆಯನ್ನು ಮೀರಿ ಕುಸಿಯಬೇಕಾದರೆ ಈ ಅಂಕಿ ಒಂದನ್ನು ದಾಟಬೇಕು. ಈ ಲೆಕ್ಕದ ಪ್ರಕಾರ ಇವತ್ತು ಒಂದು ಗ್ಯಾಲಕ್ಸಿಯೂ ಇರಬಾರದು, ಈ ಸಭೆಯೂ ನಡೆಯಬಾರದು.

ಎಪ್ಪತ್ತು-ಎಂಬತ್ತರ ದಶಕದಲ್ಲಿ ಇದು ನಿಜವಾದ ತಲೆನೋವಾಗಿತ್ತು. ಗ್ಯಾಲಕ್ಸಿಗಳು ಇರುವುದರಿಂದ ಹಿನ್ನೆಲೆ ಬೆಳಕಿನಲ್ಲಿ ಸಾವಿರಕ್ಕೊಂದು ಪಾಲಿನ ಏರಿಳಿತ ಇರಲೇಬೇಕು ಎಂದು ಹುಡುಕಿದರು. ಸಿಗಲಿಲ್ಲ. ಉಪಕರಣ ಸೂಕ್ಷ್ಮವಾದಷ್ಟೂ ಹಿನ್ನೆಲೆ ಇನ್ನೂ ನಯವಾಗಿ ಕಾಣಿಸಿತು.

ದಾರಿ ಹೀಗೆ ತೆರೆಯಿತು. ಆ ಕಾಲದ ಪರಮಾಣು ದ್ರವ್ಯ ಬೆಳಕಿನ ಜೊತೆ ಬಿಗಿಯಾಗಿ ಬೆಸೆದುಕೊಂಡಿತ್ತು. ಗುರುತ್ವ ಒಳಗೆ ಎಳೆದರೆ ಬೆಳಕಿನ ಒತ್ತಡ ಹೊರಗೆ ತಳ್ಳುತ್ತಿತ್ತು. ಹಾಗಾಗಿ ಏರಿಳಿತ ಬೆಳೆಯದೆ, ಶಬ್ದದ ಅಲೆಯಂತೆ ಅತ್ತಿತ್ತ ಅಲುಗುತ್ತಿತ್ತು. ಆದರೆ ಬೆಳಕಿನ ಗೊಡವೆಯೇ ಇಲ್ಲದ ದ್ರವ್ಯ ಒಂದಿದ್ದರೆ? ಅದಕ್ಕೆ ಒತ್ತಡದ ಹಂಗಿಲ್ಲ. ವಿಶ್ವಕ್ಕೆ ಸುಮಾರು 50 ಸಾವಿರ ವರ್ಷವಾದಾಗ, ಅಂದರೆ ವಿಕಿರಣದ ಪ್ರಾಬಲ್ಯ ಮುಗಿದು ದ್ರವ್ಯದ ಪ್ರಾಬಲ್ಯ ಶುರುವಾದ ಕೂಡಲೇ ಅದು ಒಟ್ಟುಗೂಡಲು ಆರಂಭಿಸಬಹುದು. ಅದಕ್ಕೂ ಮೊದಲು ಅದು ಬೆಳೆಯುವುದು ತೀರ ಮೆಲ್ಲಗೆ, ಏಕೆಂದರೆ ವಿಕಿರಣವೇ ಹಿಗ್ಗುವಿಕೆಯನ್ನು ಅಷ್ಟು ವೇಗವಾಗಿ ನಡೆಸುತ್ತಿರುತ್ತದೆ. ಈ ದ್ರವ್ಯವೇ ಡಾರ್ಕ್ ಮ್ಯಾಟರ್. ಪರಮಾಣು ದ್ರವ್ಯದ ಐದು ಪಟ್ಟಿಗಿಂತ ಹೆಚ್ಚಿದೆ. 1982ರಲ್ಲಿ ಜಿಮ್ ಪೀಬಲ್ಸ್ ಈ ಲೆಕ್ಕ ಹಾಕಿ, ಹಾಗಾದರೆ ಹಿನ್ನೆಲೆ ಬೆಳಕಿನ ಏರಿಳಿತ ಬಹಳ ಸಣ್ಣದಾಗಿಯೇ ಇರಬಹುದು ಎಂದು ತೋರಿಸಿದರು. ಹತ್ತು ವರ್ಷದ ಮೇಲೆ ಕೋಬಿಗೆ ಸಿಕ್ಕಿದ್ದೂ ಅಷ್ಟೇ ಸಣ್ಣದು.

ಗುಣಾಕಾರವನ್ನು ಮತ್ತೆ ಮಾಡಿ. ಹಿನ್ನೆಲೆ ಬೆಳಕು ಬಿಡುಗಡೆಯಾಗುವ ಹೊತ್ತಿಗೆ ದೊಡ್ಡ ಗುಚ್ಛಗಳ ಅಳತೆಯಲ್ಲಿ ಡಾರ್ಕ್ ಮ್ಯಾಟರ್‌ನ ಏರಿಳಿತ ಸಾವಿರಕ್ಕೆ ಒಂದರಷ್ಟಿತ್ತು, ಗ್ಯಾಲಕ್ಸಿಗಳ ಅಳತೆಯಲ್ಲಿ ಸಾವಿರಕ್ಕೆ ಎರಡು ಮೂರು. 850ರಿಂದ ಗುಣಿಸಿದರೆ ಗುಚ್ಛಕ್ಕೆ 0.8ರ ಆಸುಪಾಸು, ಗ್ಯಾಲಕ್ಸಿಗೆ ಎರಡು ದಾಟುತ್ತದೆ. ಇದು ಸರಾಸರಿ ಏರಿಳಿತ. ಗ್ಯಾಲಕ್ಸಿಗಳು ಎಲ್ಲೆಡೆ ಇರುವುದೂ, ಸರಾಸರಿಗಿಂತ ಎತ್ತರದ ಅಲೆ ಇದ್ದ ಕಡೆ ಮಾತ್ರ ಗುಚ್ಛ ಕಟ್ಟಿಕೊಂಡಿರುವುದೂ ಇದಕ್ಕೆ ಹೊಂದುತ್ತದೆ. ಬೆಳಕಿನಿಂದ ಬಿಡುಗಡೆಯಾದ ಪರಮಾಣು ದ್ರವ್ಯ, ಡಾರ್ಕ್ ಮ್ಯಾಟರ್ ಆಗಲೇ ತೋಡಿಟ್ಟಿದ್ದ ಹಳ್ಳಕ್ಕೆ ಇಳಿಯಿತು ಅಷ್ಟೆ.

ಉಂಡೆಯಲ್ಲ, ದೋಸೆ

ಗುರುತ್ವ ಎಲ್ಲ ಕಡೆಯಿಂದ ಸಮನಾಗಿ ಎಳೆಯುತ್ತದೆ, ಹಾಗಾಗಿ ಕುಸಿದದ್ದು ಉಂಡೆಯಾಗಬೇಕು ಎಂದೇ ಎಲ್ಲರೂ ಮೊದಲು ಎಣಿಸುವುದು. ಭೂಮಿ, ಸೂರ್ಯ ಎಲ್ಲ ಉಂಡೆಗಳೇ ತಾನೇ? ಆದರೆ ಅವುಗಳನ್ನು ದುಂಡಗೆ ಇಡುವುದು ಒಳಗಿನ ಒತ್ತಡ. ಒತ್ತಡವಿಲ್ಲದ ದ್ರವ್ಯ ಕುಸಿದರೆ ನಡೆಯುವುದು ಬೇರೆ.

1970ರಲ್ಲಿ ಮಾಸ್ಕೋದ ಯಾಕೊವ್ ಜೆಲ್ಡೊವಿಚ್ ಇದನ್ನು ಬಹಳ ಸರಳವಾಗಿ ನೋಡಿದರು. ಹಿಗ್ಗುವಿಕೆಯನ್ನು ಕಳೆದು ನೋಡಿದರೆ, ಒಂದೊಂದು ಕಣವೂ ಆರಂಭದಲ್ಲಿ ತನಗೆ ಸಿಕ್ಕ ದಿಕ್ಕಿನಲ್ಲಿ ನೇರವಾಗಿ ಸಾಗುತ್ತಾ ಹೋಗುತ್ತದೆ. ಎಷ್ಟು ದೂರ ಸಾಗಿದೆ ಎಂಬುದನ್ನು ಎಲ್ಲ ಕಣಗಳಿಗೂ ಒಂದೇ ಅಂಕಿ ನಿರ್ಧರಿಸುತ್ತದೆ. ಅದಕ್ಕೆ D ಎನ್ನೋಣ. ಏರಿಳಿತ ಎಷ್ಟು ಬೆಳೆದಿದೆ ಎಂದು ಹೇಳುವ ಅಳತೆಯೇ ಅದು. ಇಂದಿಗೆ D = 1, ಆರಂಭದಲ್ಲಿ ಹೆಚ್ಚುಕಡಿಮೆ ಸೊನ್ನೆ.

```
x = q + D · s(q)
```

q ಎಂಬುದು ಕಣ ಹೊರಟ ಜಾಗ, s ಅದಕ್ಕೆ ಸಿಕ್ಕ ತಳ್ಳು, x ಈಗ ಇರುವ ಜಾಗ. ಇಷ್ಟೇ ಸೂತ್ರ. ಈಗ ಒಂದು ಸಣ್ಣ ಘನಾಕೃತಿಯ ತುಂಡನ್ನು ತೆಗೆದುಕೊಂಡು ಅದರ ಗತಿ ನೋಡೋಣ. ಬದಿಗಳು ಒಂದೊಂದು ಮಾನ. ಅಕ್ಕಪಕ್ಕದ ಕಣಗಳಿಗೆ ಸಿಕ್ಕ ತಳ್ಳು ಚೂರು ಬೇರೆಬೇರೆ ಇರುವುದರಿಂದ ಘನ ಮೂರು ದಿಕ್ಕಿನಲ್ಲಿ ಮೂರು ವೇಗದಲ್ಲಿ ಕುಗ್ಗುತ್ತದೆ. ಆ ಮೂರು ವೇಗಗಳು 2, 1.25 ಮತ್ತು −0.5 ಎಂದಿರಲಿ. ಮೈನಸ್ ಎಂದರೆ ಆ ದಿಕ್ಕಿನಲ್ಲಿ ಕುಗ್ಗದೆ ಉದ್ದವಾಗುತ್ತದೆ ಎಂದರ್ಥ. ಒಂದೊಂದು ಬದಿಯ ಉದ್ದ 1 − D × ವೇಗ.

D = 0.4 ಆದಾಗ ಬದಿಗಳು 0.2, 0.5, 1.2. ಘನ ಆಗಲೇ ಚಪ್ಪಟೆಯಾಗಿದೆ. ಮೂರನ್ನೂ ಗುಣಿಸಿದರೆ ಗಾತ್ರ 0.12, ಸಾಂದ್ರತೆ ಎಂಟು ಪಟ್ಟಿಗಿಂತ ಹೆಚ್ಚು. D = 0.5 ಆದಾಗ ಮೊದಲ ಬದಿ ಸೊನ್ನೆ, ಉಳಿದವು 0.375 ಮತ್ತು 1.25. ಅಂದರೆ ಇದು ತೆಳ್ಳನೆಯ ಹಾಳೆ. ಜೆಲ್ಡೊವಿಚ್ ಇದನ್ನು ಪ್ಯಾನ್‌ಕೇಕ್ ಎಂದರು, ಬೆಣ್ಣೆ ದೋಸೆಯ ಊರಿನಲ್ಲಿ ನಾವು ದೋಸೆ ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. D = 0.8 ಆಗುವ ಹೊತ್ತಿಗೆ ಎರಡನೆಯ ಬದಿಯೂ ಸೊನ್ನೆಗೆ ಬಂದು, ಮೂರನೆಯದು 1.4 ಆಗಿದೆ. ದೋಸೆ ಸುರುಳಿ ಸುತ್ತಿಕೊಂಡು ಎಳೆಯಾಯಿತು, ಎಳೆ ಇನ್ನೂ ಉದ್ದವಾಗುತ್ತಲೇ ಇದೆ. ನಮ್ಮ ವಿಶ್ವದ ಗಡಿಯಾರದಲ್ಲಿ D = 0.5 ಎಂದರೆ ಸುಮಾರು 900 ಕೋಟಿ ವರ್ಷಗಳ ಹಿಂದೆ, 0.8 ಎಂದರೆ ಸುಮಾರು 450 ಕೋಟಿ ವರ್ಷಗಳ ಹಿಂದೆ. ಎರಡನೆಯದು ಹೆಚ್ಚುಕಡಿಮೆ ಭೂಮಿ ಹುಟ್ಟಿದ ಕಾಲ.

ಇಲ್ಲಿ ಗಮನಿಸಬೇಕಾದದ್ದು, ಆರಂಭದಲ್ಲಿ ಇದ್ದ ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಮೊದಲು ಕುಗ್ಗಿದ ದಿಕ್ಕು ಸೊನ್ನೆ ಮುಟ್ಟುವಾಗ ಉಳಿದ ದಿಕ್ಕುಗಳು ಇನ್ನೂ ಅರ್ಧ ದಾರಿಯಲ್ಲಿರುತ್ತವೆ. ಸ್ವಲ್ಪ ಚಪ್ಪಟೆಯಾಗಿದ್ದುದನ್ನು ಕುಸಿತ ಇನ್ನಷ್ಟು ಚಪ್ಪಟೆ ಮಾಡುತ್ತದೆ. ಮೂರು ವೇಗಗಳೂ ಕರಾರುವಾಕ್ಕಾಗಿ ಸಮವಿದ್ದರೆ ಮಾತ್ರ ಉಂಡೆ. ಹಾಗೆ ಸಮವಿರುವ ತುಂಡು ಸಿಗುವುದೇ ಇಲ್ಲ.

ಯಾದೃಚ್ಛಿಕ ಏರಿಳಿತದಲ್ಲಿ ಯಾವ ಬಗೆಯ ತುಂಡು ಎಷ್ಟು ಎಂಬ ಲೆಕ್ಕವೂ ಇದೆ. ಮೂರೂ ದಿಕ್ಕಿನಲ್ಲಿ ಕುಗ್ಗುವ ತುಂಡುಗಳು ಶೇಕಡ 8, ಮೂರೂ ದಿಕ್ಕಿನಲ್ಲಿ ಹಿಗ್ಗುವವು ಶೇಕಡ 8. ಎರಡು ದಿಕ್ಕಿನಲ್ಲಿ ಕುಗ್ಗಿ ಒಂದರಲ್ಲಿ ಉದ್ದವಾಗುವವು ಶೇಕಡ 42, ಒಂದೇ ದಿಕ್ಕಿನಲ್ಲಿ ಕುಗ್ಗುವವು ಶೇಕಡ 42. ಆರಂಭದಲ್ಲೇ ವಿಶ್ವದ ಬಹುಪಾಲು ಹಾಳೆ ಅಥವಾ ಎಳೆಯಾಗುವ ದಾರಿ ಹಿಡಿದಿತ್ತು, ಉಂಡೆಯಾಗುವುದೇ ಅಪರೂಪ.

ಹಾಗಾದರೆ ಎಳೆ ಎಲ್ಲಿ ಹಾದುಹೋಗುತ್ತದೆ? ಎರಡು ಭಾರವಾದ ಗುಡ್ಡೆಗಳ ನಡುವೆ ಇರುವ ತುಂಡನ್ನು ನೆನೆದುಕೊಳ್ಳಿ. ಎರಡೂ ಬದಿಯ ಗುಡ್ಡೆಗಳು ಅದನ್ನು ತಮ್ಮತ್ತ ಎಳೆಯುವುದರಿಂದ ಅದು ಆ ಸಾಲಿನಲ್ಲಿ ಉದ್ದವಾಗುತ್ತದೆ. ಸಾಲಿಗೆ ಅಡ್ಡಲಾಗಿ ಹೊರಗಿದ್ದ ದ್ರವ್ಯ ಒಳಗೆ ಹಿಂಡಿಕೊಳ್ಳುತ್ತದೆ. ಚಂದ್ರ ನಮ್ಮ ಸಮುದ್ರದಲ್ಲಿ ಉಬ್ಬರ ತರುವ ಬಲವೂ ಇದೇ ಬಗೆಯದು. ಆದ್ದರಿಂದ ಎರಡು ಗುಚ್ಛಗಳ ನಡುವೆ ಎಳೆ ಕಟ್ಟಿಕೊಳ್ಳುವುದು ಆಕಸ್ಮಿಕವಲ್ಲ. 1996ರಲ್ಲಿ ರಿಚರ್ಡ್ ಬಾಂಡ್, ಲೆವ್ ಕೋಫ್‌ಮನ್ ಮತ್ತು ದಿಮಿತ್ರಿ ಪೊಗೊಸ್ಯಾನ್ ಇದನ್ನು ವಿವರಿಸಿ, ಜಾಲದ ನಕಾಶೆ ಆರಂಭದ ಏರಿಳಿತದಲ್ಲೇ ಇತ್ತು, ಗುರುತ್ವ ಅದನ್ನು ಗಾಢವಾಗಿ ತಿದ್ದಿತು ಎಂದು ತೋರಿಸಿದರು. ವಿಶ್ವಜಾಲ ಎಂಬ ಹೆಸರು ಬೇರೂರಿದ್ದೂ ಆ ಲೇಖನದಿಂದಲೇ. ಹತ್ತಿ ಮಿಲ್ಲುಗಳ ಊರಿನಲ್ಲಿ ಒಂದು ಎಚ್ಚರಿಕೆ ಹೇಳಬೇಕು: ಈ ಎಳೆಯನ್ನು ಯಾರೂ ಹೊಸೆದಿಲ್ಲ, ನೂಲಿನ ಹಾಗೆ ಹುರಿಯಿಂದ ಗಟ್ಟಿಯಾಗಿಲ್ಲ. ಎರಡು ಕಡೆಯಿಂದ ಹಿಂಡಿ ಆದದ್ದು.

ಪೊಳ್ಳು ಸುಮ್ಮನೆ ಕೂತಿಲ್ಲ

ಪೊಳ್ಳನ್ನು ಉಳಿದ ಜಾಗ ಎಂದು ತಿಳಿಯುವುದು ತಪ್ಪು. ಅಲ್ಲಿ ದ್ರವ್ಯ ಸರಾಸರಿಗಿಂತ ಕಡಿಮೆ ಇರುವುದರಿಂದ ಹಿಗ್ಗುವಿಕೆಗೆ ಕಡಿವಾಣವೂ ಕಡಿಮೆ, ಹಾಗಾಗಿ ಪೊಳ್ಳು ಸುತ್ತಲಿನ ವಿಶ್ವಕ್ಕಿಂತ ವೇಗವಾಗಿ ಹಿಗ್ಗುತ್ತದೆ. ಗುಡ್ಡೆ ಕುಸಿಯುವಾಗ ಚಪ್ಪಟೆಯಾಗುತ್ತದೆ ಎಂದೆವಲ್ಲ, ಪೊಳ್ಳಿನಲ್ಲಿ ಅದರ ಉಲ್ಟಾ ನಡೆಯುತ್ತದೆ: ವಾರೆಯಾಗಿದ್ದದ್ದು ಹಿಗ್ಗುತ್ತಾ ಹಿಗ್ಗುತ್ತಾ ದುಂಡಗಾಗುತ್ತದೆ. 1984ರಲ್ಲಿ ವಿನ್ಸೆಂಟ್ ಈಕೆ ಇದನ್ನು ತೋರಿಸಿದ್ದರು. ಒಳಗಿದ್ದ ಅಲ್ಪಸ್ವಲ್ಪ ದ್ರವ್ಯ ಅಂಚಿಗೆ ಸರಿಯುತ್ತದೆ. ಪಕ್ಕದ ಪೊಳ್ಳಿನ ಅಂಚೂ ಎದುರಿನಿಂದ ಬರುತ್ತಿರುತ್ತದೆ. ಎರಡು ಪೊಳ್ಳು ಕೂಡುವ ಕಡೆ ಹಾಳೆ, ಹಾಳೆಗಳು ಕೂಡುವ ಕಡೆ ಎಳೆ.

ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಎರೆ ಹೊಲದ ಚಿತ್ರವನ್ನು ವಿಶ್ವಜಾಲದ ಪಕ್ಕದಲ್ಲಿಟ್ಟರೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ನಡೆದಿರುವುದು ತದ್ವಿರುದ್ಧ. ಎರೆ ಮಣ್ಣಿನ ಹೆಂಟೆ ತಾನೇ ಕುಗ್ಗಿ ಪಕ್ಕದ ಹೆಂಟೆಯಿಂದ ಬಿಡಿಸಿಕೊಳ್ಳುತ್ತದೆ, ಗೆರೆಯ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಇಲ್ಲಿ ಪೊಳ್ಳು ಹಿಗ್ಗಿ ಪಕ್ಕದ್ದನ್ನು ಒತ್ತುತ್ತದೆ, ಗೆರೆಯ ಜಾಗದಲ್ಲೇ ಎಲ್ಲವೂ ರಾಶಿ ಬೀಳುತ್ತದೆ.

ಎಷ್ಟು ರಾಶಿ? ಎಳೆ ಎಂದರೆ ಏನು, ಪೊಳ್ಳು ಎಲ್ಲಿ ಮುಗಿಯುತ್ತದೆ ಎಂಬ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುವುದರಿಂದ ಅಂಕಿಗಳು ಏರುಪೇರಾಗುತ್ತವೆ. ಕಂಪ್ಯೂಟರ್ ಮಾದರಿಗಳಲ್ಲಿ ಮತ್ತೆಮತ್ತೆ ಸಿಗುವ ಚಿತ್ರ ಇದು: ಜಾಗದ ಮುಕ್ಕಾಲು ಪಾಲು ಪೊಳ್ಳು, ಅದರಲ್ಲಿ ದ್ರವ್ಯದ ಆರನೇ ಒಂದು ಪಾಲಿನಷ್ಟು ಮಾತ್ರ. ಎಳೆಗಳು ನೂರಕ್ಕೆ ಐದಾರು ಪಾಲು ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ದ್ರವ್ಯವನ್ನು ಹೊತ್ತಿವೆ.

ಲ್ಯಾಪ್‌ಟಾಪಿನಲ್ಲಿ ಒಂದು ಜಾಲ

ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಆಯಾಮದಲ್ಲಿ ಜೆಲ್ಡೊವಿಚ್ ಸೂತ್ರಕ್ಕೆ ಇಷ್ಟು ಪೈಥಾನ್ ಸಾಕು. ಕೆಲವೇ ಸೆಕೆಂಡಿನ ಕೆಲಸ.

```python
import numpy as np, matplotlib.pyplot as plt
N, D = 256, 0.7
k = 2*np.pi*np.fft.fftfreq(N)
kx, ky = np.meshgrid(k, k, indexing="ij")
k2 = kx**2 + ky**2
k2[0, 0] = 1
rng = np.random.default_rng(7)
dk = np.fft.fft2(rng.normal(size=(N, N)))
dk *= k2**-0.5 * np.exp(-8*k2)
dk[0, 0] = 0
dk /= np.fft.ifft2(dk).real.std()
sx = np.fft.ifft2(1j*kx/k2*dk).real
sy = np.fft.ifft2(1j*ky/k2*dk).real
qx, qy = np.indices((N, N))
plt.plot((qx + D*sx) % N, (qy + D*sy) % N, "k,")
plt.show()
```

ಮೊದಲು ಎಲ್ಲ ಬಿಂದುಗಳಿಗೂ ಯಾದೃಚ್ಛಿಕ ಸಂಖ್ಯೆ ಹಂಚಿ, ಅದನ್ನು ಅಲೆಗಳಾಗಿ ಬಿಡಿಸುತ್ತದೆ. ಆಮೇಲೆ ಉದ್ದ ಅಲೆಗಳಿಗೆ ಹೆಚ್ಚು ಬಲ ಕೊಟ್ಟು, ನಾಲ್ಕು ಚೌಕಕ್ಕಿಂತ ಸಣ್ಣ ಅಲೆಗಳನ್ನು ತೊಡೆದುಹಾಕುತ್ತದೆ. ಆ ಏರಿಳಿತದಿಂದ ತಳ್ಳು ಎಷ್ಟು ಎಂದು ಲೆಕ್ಕ ಹಾಕಿ, ಸಾಲಾಗಿ ಇಟ್ಟಿದ್ದ 65,536 ಚುಕ್ಕೆಗಳನ್ನು ಸರಿಸುತ್ತದೆ. D = 0.3ಕ್ಕೆ ಮಸುಕು ಮಸುಕಾದ ಗೆರೆಗಳು ಕಾಣುತ್ತವೆ. 0.7ಕ್ಕೆ ಜಾಲ ಎದ್ದು ನಿಲ್ಲುತ್ತದೆ. 2ಕ್ಕೆ ಏರಿಸಿದರೆ ಕಟ್ಟಿದ ಎಳೆಗಳೇ ಬಿಚ್ಚಿಕೊಂಡು ಹೊಗೆಯಂತೆ ಹರಡುತ್ತವೆ. ಈ ಕೊನೆಯದು ವಿಶ್ವದಲ್ಲಿ ನಡೆಯುವುದಿಲ್ಲ, ಅದು ಸೂತ್ರದ ದೋಷ. ಜೆಲ್ಡೊವಿಚ್ ಸೂತ್ರದಲ್ಲಿ ಕಣ ನೇರವಾಗಿ ಹೋಗುತ್ತಲೇ ಇರುತ್ತದೆ, ಎಳೆಯನ್ನು ಹಾದು ಆಚೆಗೂ ಹೋಗಿಬಿಡುತ್ತದೆ. ನಿಜದಲ್ಲಿ ಎಳೆಯ ಗುರುತ್ವ ಅದನ್ನು ವಾಪಸು ಎಳೆಯುತ್ತದೆ, ಕಣ ಎಳೆಯ ಅಕ್ಕಪಕ್ಕ ಜೋಲಿಯಾಡುತ್ತಾ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲ ಹಾಳೆಗಳು ಕಟ್ಟಿದ ಆಚೆಗೆ ಈ ಸೂತ್ರವನ್ನು ನಂಬಬಾರದು. ಹಂತ ಹಂತಕ್ಕೂ ಗುರುತ್ವವನ್ನು ಹೊಸದಾಗಿ ಲೆಕ್ಕ ಹಾಕುವ ದೊಡ್ಡ ಮಾದರಿಗಳು ಬೇಕಾಗುವುದು ಅಲ್ಲಿಂದ. 2005ರ ಮಿಲೆನಿಯಮ್ ಮಾದರಿಯಲ್ಲಿ ಅಂಥ ಕಣಗಳು ಸಾವಿರ ಕೋಟಿಗೂ ಹೆಚ್ಚಿದ್ದವು.

ಇದನ್ನು ಬರೆಯುವಾಗ ಒಂದು ಮೋಸದ ತಪ್ಪು ಆಗಬಹುದು. sx ಮತ್ತು sy ಸಾಲುಗಳಲ್ಲಿ 1j ಬದಲು -1j ಬರೆದುಬಿಡಿ. ಚಿತ್ರ ಕೆಟ್ಟುಹೋಗುತ್ತದೆಯೇ? ಇಲ್ಲ! ಅಷ್ಟೇ ಚೆಂದದ ಜಾಲ ಬರುತ್ತದೆ. ಏಕೆಂದರೆ ಆರಂಭದ ಏರಿಳಿತದಲ್ಲಿ ಏರು ಎಷ್ಟೋ ಇಳಿವೂ ಅಷ್ಟೇ, ಚಿಹ್ನೆ ತಿರುಗಿಸಿದರೆ ಗುಡ್ಡೆಗಳಿದ್ದ ಕಡೆ ಪೊಳ್ಳು, ಪೊಳ್ಳಿದ್ದ ಕಡೆ ಗುಡ್ಡೆ. ಚಿತ್ರ ನೋಡಿ ಇದನ್ನು ಪತ್ತೆ ಹಚ್ಚಲಾಗದು. ಆರಂಭದ ಏರಿಳಿತವನ್ನು, ಅಂದರೆ np.fft.ifft2(dk).real ಎಂಬುದನ್ನು, ಬಣ್ಣದಲ್ಲಿ ಹಾಕಿ ಅದರ ಮೇಲೆ ಚುಕ್ಕೆಗಳನ್ನಿಡಿ. ಅತಿ ಎತ್ತರದ ಜಾಗಗಳ ಮೇಲೆ ಗಂಟುಗಳು ಕೂತಿದ್ದರೆ ಸರಿ, ಖಾಲಿ ಇದ್ದರೆ ಚಿಹ್ನೆ ತಪ್ಪಿದೆ. imshow ಬಳಸುವವರು .T ಮತ್ತು origin="lower" ಸೇರಿಸಬೇಕು, ಇಲ್ಲದಿದ್ದರೆ ಚಿತ್ರ ಮಗುಚಿ ಬೀಳುತ್ತದೆ, ಸರಿಯಿದ್ದದ್ದೂ ತಪ್ಪಾಗಿ ಕಾಣುತ್ತದೆ.

ನಕ್ಷೆಯಲ್ಲಿ ಸುಳ್ಳು ಎಳೆ

1986ರಲ್ಲಿ ವೆಲೆರಿ ಡಿ ಲಪಾರಾಂ, ಮಾರ್ಗರೆಟ್ ಗೆಲ್ಲರ್ ಮತ್ತು ಜಾನ್ ಹುಕ್ರಾ ಆಕಾಶದ ಒಂದು ತೆಳ್ಳನೆಯ ಪಟ್ಟಿಯಲ್ಲಿನ ಸುಮಾರು 1,100 ಗ್ಯಾಲಕ್ಸಿಗಳ ದೂರ ಅಳೆದು ನಕ್ಷೆ ಪ್ರಕಟಿಸಿದರು. ಜಾಲ ಇದೆ ಎಂದು ಬಹಳ ಜನರನ್ನು ಒಪ್ಪಿಸಿದ ಚಿತ್ರ ಅದು. ಅದರ ನಡುವೆ ಕೈಕಾಲು ಚಾಚಿ ನಿಂತ ಒಬ್ಬ ಮನುಷ್ಯ ಇದ್ದಂತೆ ಕಾಣುತ್ತದೆ. ಕೈಗಳು ನಿಜವಾದ ರಚನೆ. ಆದರೆ ಅವನ ಮುಂಡ, ನಮ್ಮ ಕಡೆಗೆ ನೆಟ್ಟಗೆ ಇರುವ ದಪ್ಪ ಗೆರೆ, ಎಳೆಯೇ ಅಲ್ಲ. ಅದು ಕೋಮಾ ಎಂಬ ಒಂದೇ ಗುಚ್ಛ.

ಹೀಗಾಗುವುದು ದೂರ ಅಳೆಯುವ ಕ್ರಮದಿಂದ. ಗ್ಯಾಲಕ್ಸಿಯ ಬೆಳಕಿನಲ್ಲಿ ಕಾಣುವ ಕೆಂಪು ಪಲ್ಲಟದಿಂದ ವೇಗ ಸಿಗುತ್ತದೆ, ವೇಗದಿಂದ ದೂರ ಊಹಿಸುತ್ತೇವೆ. ಹತ್ತು ಕೋಟಿ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 2,150 ಕಿಲೋಮೀಟರ್. ಗುಚ್ಛದ ಒಳಗಿನ ಗ್ಯಾಲಕ್ಸಿಗಳು ಹಿಗ್ಗುವಿಕೆಯ ಜೊತೆಗೆ ತಾವೂ ಸೆಕೆಂಡಿಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ಅತ್ತಿತ್ತ ಓಡಾಡುತ್ತಿರುತ್ತವೆ. ಆ ಸಾವಿರವನ್ನೂ ದೂರ ಎಂದೇ ಓದಿದರೆ ಹಿಂದೆ 4.6 ಕೋಟಿ, ಮುಂದೆ 4.6 ಕೋಟಿ ಜ್ಯೋತಿರ್ವರ್ಷದ ತಪ್ಪು. ಒಂದೆರಡು ಕೋಟಿ ಜ್ಯೋತಿರ್ವರ್ಷದ ಗುಚ್ಛ ಒಂಬತ್ತು ಕೋಟಿಯ ಕಡ್ಡಿಯಾಗುತ್ತದೆ. ಖಗೋಳಶಾಸ್ತ್ರಜ್ಞರು ಇದನ್ನು ದೇವರ ಬೆರಳು ಎಂದು ಕರೆಯುತ್ತಾರೆ. ಸುಳ್ಳನ್ನು ಗುರುತಿಸುವುದು ಸುಲಭ: ನಿಜವಾದ ಎಳೆಗಳು ಎಲ್ಲ ದಿಕ್ಕಿಗೂ ಹೋಗುತ್ತವೆ, ಸುಳ್ಳು ಎಳೆಗಳೆಲ್ಲ ನಮ್ಮನ್ನೇ ತೋರಿಸುತ್ತವೆ.

ಹಾಗೆಂದು ದೊಡ್ಡ ರಚನೆಗಳೆಲ್ಲ ಸುಳ್ಳಲ್ಲ. 2017ರಲ್ಲಿ ಪುಣೆಯ ಖಗೋಳಶಾಸ್ತ್ರಜ್ಞರು ಮೀನ ರಾಶಿಯ ದಿಕ್ಕಿನಲ್ಲಿ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಗುಚ್ಛಗಳ ದೊಡ್ಡ ಕೂಟವೊಂದನ್ನು ಗುರುತಿಸಿ ಸರಸ್ವತಿ ಎಂದು ಹೆಸರಿಟ್ಟರು. ಅದರ ಉದ್ದ 60 ಕೋಟಿ ಜ್ಯೋತಿರ್ವರ್ಷದಷ್ಟು. ಅದು ನಮ್ಮ ಕಡೆಗಷ್ಟೇ ಅಲ್ಲ, ಆಕಾಶದ ಅಗಲಕ್ಕೂ ಹರಡಿದೆ.

ಪ್ರಶ್ನೆಗಳು

*ಸರ್, ಈ ಜಾಲ ಇನ್ನೂ ಬಲಿಯುತ್ತದೆಯೇ, ಇಲ್ಲಾ ಇಷ್ಟಕ್ಕೇ ನಿಲ್ಲುತ್ತದೆಯೇ?*

ನಿಲ್ಲುತ್ತಾ ಬಂದಿದೆ. ಸುಮಾರು 600 ಕೋಟಿ ವರ್ಷಗಳಿಂದ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ. ಹಿಗ್ಗುವಿಕೆ ಜೋರಾದಷ್ಟೂ ಗುರುತ್ವಕ್ಕೆ ಒಟ್ಟುಗೂಡಿಸಲು ಪುರುಸೊತ್ತಿಲ್ಲ. ಡಾರ್ಕ್ ಎನರ್ಜಿ ಈಗಿರುವಂತೆಯೇ ಮುಂದುವರಿದರೆ, ಇನ್ನೆಷ್ಟು ಕಾಲ ಕಳೆದರೂ D ಎಂಬ ಅಂಕಿ ಇಂದಿನ 1ರಿಂದ ಒಂದೂವರೆಯವರೆಗೂ ಹೋಗುವುದಿಲ್ಲ. ಆಗಲೇ ಹೇಳಿದ ಘನದ ಲೆಕ್ಕಕ್ಕೆ ಇದನ್ನು ಹಾಕಿ. ಒಂದು ತುಂಡಿನ ಅತಿ ವೇಗದ ದಿಕ್ಕಿನ ಅಂಕಿಯೇ 0.6 ಎಂದಿದ್ದರೆ, ಅದು ಸೊನ್ನೆ ಮುಟ್ಟಲು D 1.67 ಆಗಬೇಕು. ಅಷ್ಟು ಆಗುವುದೇ ಇಲ್ಲವಲ್ಲ. ಹಾಗಾಗಿ ಆ ತುಂಡು ಎಂದೂ ದೋಸೆಯಾಗುವುದಿಲ್ಲ. ಕಟ್ಟಿಕೊಂಡ ಗುಚ್ಛಗಳು ಹಾಗೇ ಉಳಿಯುತ್ತವೆ, ಅವುಗಳ ನಡುವಿನ ದೂರ ಮಾತ್ರ ಬೆಳೆಯುತ್ತಾ ಹೋಗುತ್ತದೆ.

*ನಾವು ಇರುವುದು ಎಳೆಯಲ್ಲೋ ಪೊಳ್ಳಿನಲ್ಲೋ?*

ಹಾಳೆಯಲ್ಲಿ, ಅದೂ ಅಂಚಿನ ಮನೆ. ನಮ್ಮ ಹಾಲುಹಾದಿ, ಆಂಡ್ರೊಮಿಡಾ ಮತ್ತು ಹತ್ತಿರದ ಬಹುತೇಕ ದೊಡ್ಡ ಗ್ಯಾಲಕ್ಸಿಗಳು ಒಂದು ಚಪ್ಪಟೆ ಹಾಳೆಯ ಮೇಲಿವೆ. ಹಾಳೆಯ ಒಂದು ಮಗ್ಗುಲಿಗೆ ತಾಗಿಕೊಂಡೇ ದೊಡ್ಡ ಪೊಳ್ಳಿದೆ, ಅದಕ್ಕೆ ಲೋಕಲ್ ವಾಯ್ಡ್ ಎಂದು ಹೆಸರು. ಅದು ಹಿಗ್ಗುತ್ತಿರುವುದರಿಂದ ನಮ್ಮ ಹಾಳೆ ಸೆಕೆಂಡಿಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಅದರಿಂದ ದೂರ ಸರಿಯುತ್ತಿದೆ ಎಂದು ಬ್ರೆಂಟ್ ಟಲ್ಲಿ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿದರು. ದಿಕ್ಕು ನೋಡಬೇಕೆಂದರೆ ಅಭಿಜಿತ್ ನಕ್ಷತ್ರದ ದಕ್ಷಿಣಕ್ಕೆ, ಶ್ರವಣದ ಪಶ್ಚಿಮಕ್ಕೆ. ದಾವಣಗೆರೆಯಿಂದ ಆಗಸ್ಟ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಆಗ ಮೋಡವಿದ್ದರೆ ಸೆಪ್ಟೆಂಬರ್ ಕೊನೆಯವರೆಗೆ ಕಾದು ಸಂಜೆ ಏಳರ ಹೊತ್ತಿಗೆ ನೋಡಿ. ಆ ಜಾಗದಲ್ಲಿ ಚುಕ್ಕಿಗಳು ಕಾಣುತ್ತವೆ, ಖಾಲಿ ಎಂದಿರಲ್ಲ ಎಂದು ಕೇಳಬೇಡಿ. ಅವೆಲ್ಲ ನಮ್ಮದೇ ಹಾಲುಹಾದಿಯ ನಕ್ಷತ್ರಗಳು. ಪೊಳ್ಳು ಇರುವುದು ಅವುಗಳ ಆಚೆಗೆ.